ಮೂಲೆಯಲ್ಲಿ 5ಜಿ ಅಂತಿದೆ, ಒಳಗೆ ಓಡುತ್ತಿರುವುದು ಯಾವುದು?

ಪ್ರಶ್ನೆ: ಶಹಾಬಾದ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡೋ ಸಣ್ಣ ಅಂಗಡಿ ಇಟ್ಟಿದ್ದೇನೆ. ಹಳೇ ಕಲ್ಲಿನ ಮನೆ. ಫೋನಿನಲ್ಲಿ ಎರಡು ಕಂಪನಿಯ ಸಿಮ್ ಇವೆ, ಎರಡೂ 5ಜಿ ತೋರಿಸುತ್ತವೆ. ಒಂದರಲ್ಲಿ ಕಾಲ್ ಬಂದ ಕೂಡಲೇ 4ಜಿ ಆಗುತ್ತದೆ. ಇನ್ನೊಂದರಲ್ಲಿ 5ಜಿ ಗುರುತು ಹೋಗೋದೇ ಇಲ್ಲ, ಆದರೆ ವೇಗ 4ಜಿಯಷ್ಟೇ. ಮೊದಲನೇದು ಎಸ್‌ಎ, ಎರಡನೇದು ಎನ್‌ಎಸ್‌ಎ ಅಂತ ಮೊಬೈಲ್ ಅಂಗಡಿಯವರು ಹೇಳಿದರು. ಏನು ವ್ಯತ್ಯಾಸ? ಫೋನ್ ಬದಲಿಸಬೇಕಾ?

ಉತ್ತರ: ಫೋನ್ ಬದಲಿಸಬೇಡಿ. ನೀವು ಹೇಳಿದ ಎರಡೂ ಲಕ್ಷಣ ಕೆಟ್ಟ ಫೋನಿನವಲ್ಲ. ಎರಡು ಕಂಪನಿಗಳು 5ಜಿಯನ್ನು ಎರಡು ರೀತಿ ಕಟ್ಟಿವೆ, ಅದು ನಿಮ್ಮ ಕಲ್ಲಿನ ಮನೆಯೊಳಗೆ ಸ್ಪಷ್ಟವಾಗಿ ಕಾಣುತ್ತಿದೆ, ಅಷ್ಟೇ.

ಕಲಬುರಗಿಯ ಗಂಜ್ ನೋಡಿದ್ದೀರಲ್ವಾ? ತೊಗರಿ ಚೀಲ ಹೊರುವವರು ಹಮಾಲರು. ಯಾವ ಚೀಲ ಯಾವ ಲಾರಿಗೆ, ಯಾರ ಲೆಕ್ಕಕ್ಕೆ ಅಂತ ಹೇಳುವವನು ಗದ್ದುಗೆ ಮೇಲೆ ಕೂತ ಮುನೀಮ. ಮೊಬೈಲ್ ನೆಟ್‌ವರ್ಕಿನಲ್ಲೂ ಈ ಎರಡು ಕೆಲಸ ಬೇರೆ ಬೇರೆ. ಡೇಟಾ ಹೊರುವುದು ಒಂದು. ಫೋನನ್ನು ಗುರುತಿಸುವುದು, ಕಾಲ್ ಬಂದರೆ ಎಬ್ಬಿಸುವುದು, ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿಸುವುದು ಇನ್ನೊಂದು.

ಎಲ್‌ಟಿಇ ಅಂದರೆ ನಮ್ಮ 4ಜಿ. ಅಲ್ಲಿ ಮುನೀಮನೂ ಹಮಾಲನೂ 4ಜಿಯವರೇ. ಮಾತು ಕೂಡ ಡೇಟಾದ ಹಾಗೆಯೇ ವೋಲ್ಟೀ ಆಗಿ ಹೋಗುತ್ತದೆ.

ಎನ್‌ಎಸ್‌ಎ, ಅಂದರೆ ನಾನ್‌-ಸ್ಟ್ಯಾಂಡ್‌ಅಲೋನ್. ಅಂಗಡಿ ಹಳೇದು, ಮುನೀಮ ಹಳೇ 4ಜಿಯವನೇ. ಭಾರೀ ಚೀಲ ಹೊರಲಿಕ್ಕೆ ಮಾತ್ರ 5ಜಿಯ ಹೊಸ ಹಮಾಲನನ್ನು ಕರೆಸಿದ್ದಾರೆ. ಫೋನ್ ಮೊದಲು 4ಜಿ ಟವರಿಗೆ ಅಂಟಿಕೊಳ್ಳಬೇಕು. ಇದಕ್ಕೆ ಆಂಕರ್ ಅಂತಾರೆ. ಡೇಟಾ ಜಾಸ್ತಿ ಬೇಕಾದಾಗ 4ಜಿ ಟವರು ಹೇಳಿದರೆ ಮಾತ್ರ 5ಜಿ ರೇಡಿಯೊ ಜೊತೆ ಸೇರಿಕೊಳ್ಳುತ್ತದೆ. ಫೋನ್ ಸುಮ್ನೆ ಜೇಬಿನಲ್ಲಿ ಇದ್ದಾಗ ಅದು ಇರುವುದು 4ಜಿಯಲ್ಲೇ.

ಎಸ್‌ಎ, ಅಂದರೆ ಸ್ಟ್ಯಾಂಡ್‌ಅಲೋನ್. ಹೊಸ ಅಂಗಡಿ, ಹೊಸ ಮುನೀಮ, ಹೊಸ ಖಾತೆ ಪುಸ್ತಕ. ಫೋನ್ ನೇರವಾಗಿ 5ಜಿ ಟವರಿಗೆ ಅಂಟುತ್ತದೆ, ಹಿಂದೆ ಕೂತು ಟವರುಗಳನ್ನೆಲ್ಲ ನಡೆಸುವ ಮುಖ್ಯ ವ್ಯವಸ್ಥೆ, ಅಂದರೆ ಕೋರ್ ಕೂಡ 5ಜಿಯದು. 4ಜಿಯ ಹಂಗಿಲ್ಲ. ಒಂದು ಕೆಲಸಕ್ಕೆ ಮಾತ್ರ ಇನ್ನೂ ಅದನ್ನು ಕರೆಯಬೇಕಾಗಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು 5ಜಿ ಶುರುವಾದಾಗ ಜಿಯೋ ಮೊದಲಿನಿಂದಲೇ ಎಸ್‌ಎ ಕಟ್ಟಿತು. ಏರ್‌ಟೆಲ್ ಇರುವ 4ಜಿ ಮೇಲೆ ಎನ್‌ಎಸ್‌ಎ ಕೂರಿಸಿತು, ಆಮೇಲೆ ಎಸ್‌ಎ ಕೂಡ ಸೇರಿಸುತ್ತಾ ಬಂತು. ಯಾವುದು ಸರಿ ಅಂತ ಜಗಳ ಆಡುವವರು ಸಾಕಷ್ಟು ಜನ ಇದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ನಿಮ್ಮ ಅಂಗಡಿಯ ಕುರ್ಚಿ ಮೇಲೆ ಕೂತಾಗ ಏನಾಗುತ್ತದೆ ಅನ್ನುವುದಷ್ಟೇ ನೋಡೋಣ.

ಗೋಡೆಯ ಕಥೆ

ನಮ್ಮ ಕಡೆ 5ಜಿಗೆ ಮುಖ್ಯವಾಗಿ ಬಳಕೆಯಾಗುವುದು ಎರಡು ಬ್ಯಾಂಡ್. ಒಂದು 3300 ಮೆಗಾಹರ್ಟ್ಸ್‌ನಿಂದ ಮೇಲಿನದು, ಫೋನಿನ ಪರದೆಯಲ್ಲಿ n78 ಅಂತ ಕಾಣುತ್ತದೆ. ಇನ್ನೊಂದು 700 ಮೆಗಾಹರ್ಟ್ಸ್, ಅದು n28. ಜಿಯೋ 2022ರ ಹರಾಜಿನಲ್ಲಿ 700 ಕೊಂಡದ್ದು ಎಸ್‌ಎ ಕಟ್ಟುವುದಕ್ಕೇ. 4ಜಿಯ ಆಸರೆ ಇಲ್ಲದೆ ನಿಲ್ಲಬೇಕಾದರೆ 5ಜಿಗೆ ಗೋಡೆ ದಾಟಿ ದೂರ ಹೋಗುವ ಒಂದು ಬ್ಯಾಂಡ್ ಬೇಕೇ ಬೇಕು.

n78ರ ಅಲೆಯ ಉದ್ದ ಸುಮಾರು 8.5 ಸೆಂಟಿಮೀಟರ್, n28ರದ್ದು 43. ನಡುವೆ ಏನೂ ಅಡ್ಡ ಇಲ್ಲದಿದ್ದರೂ, ಅಷ್ಟೇ ದೂರಕ್ಕೆ, ಸಾಮಾನ್ಯ ಆಂಟೆನಾಗಳ ನಡುವೆ n78 ಸಿಗ್ನಲ್ ಸುಮಾರು 25 ಪಟ್ಟು ಬಡವಾಗಿ ತಲುಪುತ್ತದೆ. ಟವರಿನ ಮೇಲಿರುವ ದೊಡ್ಡ ಪ್ಯಾನೆಲ್ ಅಲೆಯನ್ನು ಒಂದೇ ಕಡೆ ತಿರುಗಿಸಿ ಈ ನಷ್ಟವನ್ನು ಒಂದಷ್ಟು ತುಂಬಿಕೊಡುತ್ತದೆ. ಆದರೆ ಆಮೇಲೆ ನಿಮ್ಮ ಗೋಡೆ ಬರುತ್ತದೆ. ಬೆಂಗಳೂರಿನ ನಾಲ್ಕಿಂಚು ಬ್ಲಾಕಿನ ಗೋಡೆ ಅಲ್ಲ, ಮೊಳ ದಪ್ಪದ ಶಹಾಬಾದ್ ಕಲ್ಲಿನ ಗೋಡೆ, ಮೇಲೆ ಫರ್ಸಿ ಹಾಸಿದ ಮಾಳಿಗೆ. ಅಂಥ ಮನೆಯೊಳಗೆ ಬೇಸಿಗೆಯಲ್ಲಿ ತಂಪು. n78 ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ.

ಹಾಗಾದರೆ 700 ಒಂದೇ ಸಾಕಲ್ವಾ ಅಂದರೆ, ಅದಕ್ಕೂ ಒಂದು ಕೊರತೆ ಇದೆ. n78ರಲ್ಲಿ ಒಂದು ಕಂಪನಿಗೆ 100 ಮೆಗಾಹರ್ಟ್ಸ್ ಅಗಲದ ಜಾಗ ಸಿಗುತ್ತದೆ. 700ರಲ್ಲಿ ಇರುವುದು ಇಳಿಯುವುದಕ್ಕೆ 10, ಏರುವುದಕ್ಕೆ 10. ಪುಸ್ತಕದ ಲೆಕ್ಕದಲ್ಲಿ n78 ಸೆಕೆಂಡಿಗೆ 1000 ಮೆಗಾಬಿಟ್ ದಾಟುತ್ತದೆ. n28ರ ಮಿತಿ 100ರ ಆಸುಪಾಸು. ಹಳೇ 4ಜಿಯ 20 ಮೆಗಾಹರ್ಟ್ಸ್‌ಗೂ 150 ಇದೆ. ಇದೆಲ್ಲ ಆ ಟವರಿನಲ್ಲಿ ಇರುವವರೆಲ್ಲ ಹಂಚಿಕೊಳ್ಳಬೇಕಾದ ಒಟ್ಟು ಲೆಕ್ಕ. ಅಂದರೆ ಅಪ್ಪಟ ಎಸ್‌ಎ 5ಜಿಯಲ್ಲಿದ್ದೂ ಒಳ್ಳೆ 4ಜಿಗಿಂತ ನಿಧಾನ ಆಗಬಹುದು. ಸುಳ್ಳು 5ಜಿ ಅಂತ ಜನ ಬೈಯುವುದು ಬಹಳ ಸಲ ಇದನ್ನೇ. ಅದು ಸುಳ್ಳಲ್ಲ, ಸಪೂರ.

ನಿಮ್ಮೂರಿನಲ್ಲೇ ನಮ್ಮ ಚಿಕ್ಕಮ್ಮನ ಮನೆ ಇದೆ. ಹಿಂದೆ ಕಾರಿನಲ್ಲಿ ಲ್ಯಾಪ್‌ಟಾಪ್, ನಾಲ್ಕು ಫೋನ್ ಇಟ್ಟುಕೊಂಡು ಸಿಗ್ನಲ್ ಅಳೆಯುತ್ತಾ ಸುತ್ತುವ ಕೆಲಸ ಮಾಡುತ್ತಿದ್ದೆ. ಆ ಚಟ ಇನ್ನೂ ಹೋಗಿಲ್ಲ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಎಸ್‌ಎ ಸಿಮ್ ಹಿಡಿದು ಮೂರು ಜಾಗದಲ್ಲಿ ನೋಡಿದೆ.

ಮಾಳಿಗೆ ಮೇಲೆ ನಿಂತಾಗ n78, ಸಿಗ್ನಲ್ ಮೈನಸ್ 91 ಡಿಬಿಎಂ, ವೇಗ ಸೆಕೆಂಡಿಗೆ 340 ಮೆಗಾಬಿಟ್. ಕೆಳಗೆ ಬಂದು ಪಡಸಾಲೆಯ ಕಿಟಕಿ ಹತ್ತಿರ ಕೂತಾಗ ಇನ್ನೂ n78, ಆದರೆ ಮೈನಸ್ 108, ವೇಗ 95. ಒಳಗಿನ ಅಡಿಗೆಮನೆಗೆ ಕಾಲಿಟ್ಟು ಅರ್ಧ ನಿಮಿಷ ಆಗಿರಬೇಕು, ಫೋನ್ n28ಕ್ಕೆ ಇಳಿಯಿತು. ಸಿಗ್ನಲ್ ಮೈನಸ್ 97, ವೇಗ 26. ನೋಡಿ, ಕಡ್ಡಿಗಳು ಕಿಟಕಿ ಹತ್ತಿರಕ್ಕಿಂತ ಜಾಸ್ತಿ ಆದವು, ವೇಗ ಕಾಲು ಭಾಗಕ್ಕೆ ಬಿತ್ತು. ಅಲ್ಲೇ ಕೂತು ಫೋನನ್ನು 4ಜಿಗೆ ಹಾಕಿದೆ, 38 ಬಂತು. ಮೂರೂ ಕಡೆ ಮೂಲೆಯಲ್ಲಿ ಬರೆದಿದ್ದು ಒಂದೇ, 5ಜಿ. (ಡಿಬಿಎಂನಲ್ಲಿ ಮೈನಸ್ ಆದ ಮೇಲಿನ ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು. 90ರ ಒಳಗೆ ಚೆನ್ನ, 100 ನಡೆಯುತ್ತದೆ, 115 ದಾಟಿದರೆ ಕಷ್ಟ.)

ಚಿಕ್ಕಮ್ಮ ಇದನ್ನೆಲ್ಲ ನೋಡುತ್ತಾ ನಿಂತಿದ್ದರು. "ಅಡಿಗಿಮನ್ಯಾಗ ನಿನಗ ಇಂಟರ್‌ನೆಟ್ ಯಾಕ ಬೇಕೋ" ಅಂದರು.

ನಿಮ್ಮ ಎರಡನೇ ಸಿಮ್

ಎನ್‌ಎಸ್‌ಎ ಸಿಮ್‌ನಲ್ಲಿ ಇದೇ ಗೋಡೆ ಬೇರೆ ಆಟ ಆಡುತ್ತದೆ. ನೀವು ಒಳಗೆ ಬಂದಾಗ n78 ಕಡಿಯುತ್ತದೆ, 4ಜಿ ಆಂಕರ್ ಉಳಿಯುತ್ತದೆ. ಡೇಟಾ ನಿಲ್ಲುವುದಿಲ್ಲ, ಮುನೀಮ ತನ್ನ ಹಳೇ ಹಮಾಲನಿಂದಲೇ ಹೊರಿಸುತ್ತಾನೆ. ಆದರೆ ಮೂಲೆಯ ಗುರುತು ಹಾಗೇ ಇರುತ್ತದೆ. ಯಾಕೆ?

ಪ್ರತಿ 4ಜಿ ಟವರೂ ತನ್ನ ಬಗ್ಗೆ ಒಂದಿಷ್ಟು ಮಾಹಿತಿಯನ್ನು ಸದಾ ಪ್ರಸಾರ ಮಾಡುತ್ತಿರುತ್ತದೆ. ಅದರಲ್ಲಿ ಒಂದೇ ಒಂದು ಬಿಟ್, ಅಪ್ಪರ್ ಲೇಯರ್ ಇಂಡಿಕೇಶನ್ ಅಂತ ಅದರ ಹೆಸರು, "ಈ ಟವರಿಗೆ 5ಜಿ ಜೋಡಿಸಬಹುದು" ಅಂತ ಹೇಳುತ್ತದೆ. ಜೋಡಿಸಲಾಗಿದೆ ಅಂತ ಅಲ್ಲ, ಜೋಡಿಸಬಹುದು ಅಂತ. ಅನೇಕ ಫೋನುಗಳು ಆ ಒಂದು ಬಿಟ್ ನೋಡಿಯೇ 5ಜಿ ಅಂತ ಬರೆದುಬಿಡುತ್ತವೆ. ಕೆಲವು ಫೋನು ನಿಜಕ್ಕೂ 5ಜಿ ರೇಡಿಯೊ ಸೇರಿದಾಗ ಮಾತ್ರ ತೋರಿಸುತ್ತವೆ. ಯಾವ ರೀತಿ ತೋರಿಸಬೇಕು ಅನ್ನುವುದು ಕಂಪನಿ ಮತ್ತು ಫೋನ್ ತಯಾರಕರ ಇಷ್ಟ. ಹಾಗಾಗಿ ನಿಮ್ಮ ಫೋನಿನಲ್ಲಿ 5ಜಿ, ಪಕ್ಕದವರ ಫೋನಿನಲ್ಲಿ 4ಜಿ, ಆದರೆ ಇಬ್ಬರೂ ಒಂದೇ ಟವರಿನ ಒಂದೇ 4ಜಿಯಲ್ಲಿ ಇರಬಹುದು.

ಇದು ನಿಮ್ಮ ದುಡ್ಡಿಗೂ ಸಂಬಂಧಪಟ್ಟದ್ದು. ಅನ್‌ಲಿಮಿಟೆಡ್ 5ಜಿ ಇರುವ ಪ್ಲಾನಿನಲ್ಲಿ ದಿನಕ್ಕೆ ಇಷ್ಟು ಜಿಬಿ ಅನ್ನುವ ಮಿತಿ 4ಜಿಗೆ ಇದ್ದೇ ಇರುತ್ತದೆ. ಡೇಟಾ ನಿಜವಾಗಿ 4ಜಿಯಲ್ಲಿ ಹೋದರೆ ಆ ಮಿತಿಯಲ್ಲೇ ಕಡಿತ. ದಿನವಿಡೀ ಮೂಲೆಯಲ್ಲಿ 5ಜಿ ಇತ್ತು, ಮಧ್ಯಾಹ್ನಕ್ಕೇ ಡೇಟಾ ಮುಗಿದ ಮೆಸೇಜ್ ಬಂತು ಅಂತ ದೂರುವವರಲ್ಲಿ ಕಲ್ಲಿನ ಮನೆಯವರು, ಒಳಕೋಣೆಯ ಅಂಗಡಿಯವರೇ ಜಾಸ್ತಿ.

ಹಾಗಂತ ಎನ್‌ಎಸ್‌ಎ ಕೀಳಲ್ಲ. ಆಂಕರ್ ಇರುವುದರಿಂದ n78 ಕಡಿದರೂ ಡೇಟಾ ಓಡುತ್ತಿರುತ್ತದೆ. ಕಿಟಕಿ ಹತ್ತಿರದ ಅಂಚಿನಲ್ಲಿ ಎರಡೂ ಸೇರಿಸಿ ಡೇಟಾ ಎಳೆಯುವುದರಿಂದ ಕೆಲವು ಸಲ ಎಸ್‌ಎಗಿಂತ ಜಾಸ್ತಿಯೇ ವೇಗ ಬರುತ್ತದೆ. ಎರಡು ರೇಡಿಯೊ ಒಟ್ಟಿಗೆ ಎದ್ದಿರುವುದರಿಂದ ಬ್ಯಾಟರಿ ಸ್ವಲ್ಪ ಹೆಚ್ಚು ತಿನ್ನುತ್ತದೆ, ಫೋನ್ ಸ್ವಲ್ಪ ಬಿಸಿಯಾಗುತ್ತದೆ.

ಮೊದಲ ಸಿಮ್‌ನ ಕಾಲ್

ಎಸ್‌ಎ ಈಗಲೂ 4ಜಿಯನ್ನು ಕರೆಯುವ ಕೆಲಸ ಅಂದೆನಲ್ಲ, ಅದು ಮಾತು. 5ಜಿಯಲ್ಲೇ ಮಾತು ಸಾಗಿಸುವ ವ್ಯವಸ್ಥೆಗೆ VoNR ಅಂತ ಹೆಸರು. ಅದು ಟವರಿನಲ್ಲಿ ಇರಬೇಕು, ಫೋನಿನ ಸಾಫ್ಟ್‌ವೇರಿನಲ್ಲಿ ಆ ಕಂಪನಿಗೆ ಅಂತ ತೆರೆದಿರಬೇಕು, ಸಿಗ್ನಲ್ಲೂ ಚೆನ್ನಾಗಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ, ಕಾಲ್ ಬಂದ ಕ್ಷಣದಲ್ಲಿ 5ಜಿ ಟವರು ಫೋನಿಗೆ "4ಜಿಗೆ ಹೋಗು" ಅನ್ನುತ್ತದೆ. ಫೋನ್ ಅಲ್ಲಿಗೆ ಹೋಗಿ ವೋಲ್ಟೀಯಲ್ಲಿ ಮಾತು ಶುರು ಮಾಡುತ್ತದೆ. ಮಾತು ಮುಗಿದು ಕೆಲವು ಸೆಕೆಂಡಿಗೆ ವಾಪಸ್ 5ಜಿ.

ನೀವು ಕಾಣುವುದು ಎರಡು. ಒಂದು, ರಿಂಗ್ ಶುರುವಾಗಲು ಸ್ವಲ್ಪ ತಡ. ಇನ್ನೊಂದು, ಮಾತಾಡುವಷ್ಟು ಹೊತ್ತು ಡೇಟಾ ಕೂಡ 4ಜಿಯಲ್ಲೇ. ಗಿರಾಕಿಯ ಅರ್ಜಿ ಅಪ್‌ಲೋಡ್ ಆಗುತ್ತಿರುವಾಗ ನಿಮಗೆ ಕಾಲ್ ಬಂದರೆ ಹಾಟ್‌ಸ್ಪಾಟ್ ಒಂದು ಕ್ಷಣ ಮುಗ್ಗರಿಸುವುದು ಇದಕ್ಕೇ. ಎನ್‌ಎಸ್‌ಎ ಸಿಮ್‌ನಲ್ಲಿ ಈ ಜಿಗಿತ ಇಲ್ಲ. ಅಲ್ಲಿ ಫೋನ್ ಮೊದಲೇ 4ಜಿಗೆ ಅಂಟಿಕೊಂಡಿದೆ, ಮಾತು ಅಲ್ಲೇ ನಡೆಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್‌ನ ಕೆಳಗೆ VoNR ಅಂತ ಒಂದು ಸ್ವಿಚ್ ಇದೆಯಾ ನೋಡಿ. ಇದ್ದು, ಆಫ್ ಆಗಿದ್ದರೆ ಆನ್ ಮಾಡಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ನೋಡಿ. ಐಫೋನಿನಲ್ಲಿ `Voice & Data` ಒಳಗೆ `5G Standalone` ಅಂತ ಇರುತ್ತದೆ, ಅದು ಆಫ್ ಆಗಿದ್ದರೆ ಎಸ್‌ಎ ಮಾತ್ರ ಇರುವ ಕಡೆ 5ಜಿಯೇ ಹತ್ತುವುದಿಲ್ಲ.

ನಿಮ್ಮ ಕಣ್ಣಾರೆ ನೋಡಲು

ಆಂಡ್ರಾಯ್ಡ್ ಫೋನಿನ ಡಯಲರ್‌ನಲ್ಲಿ ಇದನ್ನು ಒತ್ತಿ:

```
*#*#4636#*#*
```

`Phone information` ತೆರೆಯಿರಿ. ಸ್ಯಾಮ್‌ಸಂಗ್‌ನಲ್ಲಿ ಇದು ಬರದಿದ್ದರೆ `*#0011#` ಒತ್ತಿ. ಐಫೋನ್ ಆದರೆ `*3001#12345#*`. ಆಂಡ್ರಾಯ್ಡ್‌ನಲ್ಲಿ ಎರಡು ಸಾಲು ಸಾಕು. ಒಂದು `Data Network Type`, ಇನ್ನೊಂದು `NR State`. NR ಅಂದರೆ 5ಜಿಯ ರೇಡಿಯೊ.

ಮೊದಲ ಸಾಲಿನಲ್ಲಿ `NR` ಅಂತಿದ್ದರೆ ನೀವು ಎಸ್‌ಎಯಲ್ಲಿ ಇದ್ದೀರಿ, ಬೇರೆ ಮಾತಿಲ್ಲ. `LTE` ಅಂತಿದ್ದು ಎರಡನೇ ಸಾಲಿನಲ್ಲಿ `CONNECTED` ಅಂತಿದ್ದರೆ ಎನ್‌ಎಸ್‌ಎ, 5ಜಿ ನಿಜಕ್ಕೂ ಜೋಡಣೆ ಆಗಿದೆ. `LTE` ಜೊತೆಗೆ `NOT_RESTRICTED` ಅಂತಿದ್ದರೆ ಜೋಡಿಸಲು ಅಡ್ಡಿ ಇಲ್ಲ, ಆದರೆ ಈಗ ಜೋಡಿಸಿಲ್ಲ. ಅದೇ ನಿಮ್ಮ ಎರಡನೇ ಸಿಮ್‌ನ ಹುಸಿ ಗುರುತು. ಒಂದು ಎಚ್ಚರ: ಎನ್‌ಎಸ್‌ಎ ನೋಡುವಾಗ ಹಿಂದೆ ಒಂದು ದೊಡ್ಡ ಡೌನ್‌ಲೋಡ್ ಓಡುತ್ತಿರಲಿ. ಫೋನ್ ಸುಮ್ನಿದ್ದರೆ 5ಜಿ ಜೋಡಿಸುವ ಪ್ರಮೇಯವೇ ಬರುವುದಿಲ್ಲ, ಮಾಳಿಗೆ ಮೇಲೆ ನಿಂತಿದ್ದರೂ `LTE` ಒಂದೇ ಕಾಣುತ್ತದೆ.

ಅದೇ ಪುಟದಲ್ಲಿ `Set Preferred Network Type` ಅಂತ ಒಂದು ಪಟ್ಟಿ ಇರುತ್ತದೆ, ಅದರಲ್ಲಿ `NR only` ಅಂತ ಆಸೆ ಹುಟ್ಟಿಸುವ ಆಯ್ಕೆ. ಮುಟ್ಟಬೇಡಿ. ನಮ್ಮ ಅಕ್ಕನ ಮಗ ಸ್ಪೀಡ್ ಜಾಸ್ತಿ ಬರಲಿ ಅಂತ ಅದನ್ನು ಹಾಕಿಕೊಂಡು ಮರೆತ. ವಾಟ್ಸ್ಆ್ಯಪ್ ಎಲ್ಲ ಸರಿ, ಎರಡು ದಿನ ಒಂದೂ ಕಾಲ್ ಬರಲಿಲ್ಲ. 4ಜಿಗೆ ಹೋಗುವ ಬಾಗಿಲನ್ನೇ ಮುಚ್ಚಿದರೆ, VoNR ಇಲ್ಲದ ಫೋನಿಗೆ ಮಾತಾಡಲು ದಾರಿ ಇಲ್ಲ. ಬ್ಯಾಂಕಿನವರು ಕಾಲ್ ಮಾಡಿ ಮಾಡಿ ಸುಸ್ತಾಗಿದ್ದರು.

ಅಪ್‌ಲೋಡ್

ನಿಮ್ಮ ಅಂಗಡಿಗೆ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಮುಖ್ಯ. ಆಧಾರ್ ಪ್ರತಿ, ಫೋಟೊ, ಪಹಣಿ, ಎಲ್ಲ ಏರಿಸಬೇಕು. ಸ್ಪೀಡ್ ಟೆಸ್ಟ್‌ನಲ್ಲಿ ಜನ ಮೊದಲ ಸಂಖ್ಯೆ ನೋಡಿ ಖುಷಿಪಟ್ಟು ಮುಚ್ಚಿಬಿಡುತ್ತಾರೆ. ಎರಡನೇದು ನೋಡಿ.

n78ರಲ್ಲಿ ಇಳಿಯುವುದಕ್ಕೂ ಏರುವುದಕ್ಕೂ ಒಂದೇ ಜಾಗ, ಸರದಿ ಮೇಲೆ. ಸಮಯದ ಮುಕ್ಕಾಲು ಪಾಲು ಇಳಿಯುವುದಕ್ಕೇ ಹೋಗುತ್ತದೆ. ಮೇಲಾಗಿ ಟವರಿನ ಶಕ್ತಿ ಹತ್ತಾರು ವ್ಯಾಟ್ ಅಥವಾ ಅದಕ್ಕೂ ಮೇಲೆ, ನಿಮ್ಮ ಫೋನಿನದು ಸುಮಾರು 0.2 ವ್ಯಾಟ್. ಹಾಗಾಗಿ ಗೋಡೆಯೊಳಗೆ ಮೊದಲು ಸೋಲುವುದು ಅಪ್‌ಲೋಡ್. ವಿಡಿಯೊ ಸರಾಗ ಓಡುತ್ತದೆ, ಎರಡು ಎಂಬಿಯ ಪಿಡಿಎಫ್ 60 ಪರ್ಸೆಂಟಿನಲ್ಲಿ ನಿಂತು ತಿರುಗುತ್ತಿರುತ್ತದೆ. ಸೈಟ್ ಸ್ಲೋ ಅಂತ ಬೈಯುತ್ತೇವೆ. ಕೆಲವು ಸಲ ಸೈಟ್‌ದೇ ತಪ್ಪು, ಅದು ಬೇರೆ ಮಾತು.

ಚಿಕ್ಕಮ್ಮನ ಪಡಸಾಲೆಯಲ್ಲಿ, ಕಿಟಕಿ ಹತ್ತಿರ, 95 ಡೌನ್‌ಲೋಡ್ ಬಂದ ಅದೇ ಜಾಗದಲ್ಲಿ ಅಪ್‌ಲೋಡ್ 2 ಇತ್ತು. ಅಡಿಗೆಮನೆಯಲ್ಲಿ, 26 ಡೌನ್‌ಲೋಡ್ ಬಂದ ಕಡೆ, ಅಪ್‌ಲೋಡ್ 9. n28ರಲ್ಲಿ ಏರುವುದಕ್ಕೆ ಅಂತಲೇ ಬೇರೆ 10 ಮೆಗಾಹರ್ಟ್ಸ್ ಇದೆ, ಕಾಯುವ ಹಾಗಿಲ್ಲ, ಗೋಡೆಯೂ ಅಷ್ಟು ತಡೆಯುವುದಿಲ್ಲ. ಅಂದರೆ ಅರ್ಜಿ ಹಾಕುವವರಿಗೆ "ಕೆಟ್ಟ" 5ಜಿಯೇ ಒಳ್ಳೆಯದು.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಅಂಗಡಿಯೊಳಗೆ ನಿಮ್ಮ ಮೇಜಿನ ಹತ್ತಿರ ಎರಡೂ ಸಿಮ್‌ನಿಂದ ಅಪ್‌ಲೋಡ್ ಮೂರು ಮೂರು ಸಲ ಅಳೆಯಿರಿ, ಬೆಳಿಗ್ಗೆ ಒಮ್ಮೆ, ಸಂಜೆ ಏಳರ ಮೇಲೆ ಒಮ್ಮೆ. ಸಂಜೆ ಊರೆಲ್ಲ ಫೋನ್ ಹಿಡಿದಿರುತ್ತದೆ, ಸಪೂರ ಬ್ಯಾಂಡ್‌ಗಳು ಆಗಲೇ ಕುಗ್ಗುವುದು. ಆಮೇಲೆ ಫೋನನ್ನು 4ಜಿಗೆ ಹಾಕಿ ಇನ್ನೊಂದು ಸುತ್ತು. ಯಾವುದು ಸ್ಥಿರವಾಗಿ ಐದರ ಮೇಲೆ ನಿಲ್ಲುತ್ತದೋ ಅದರಲ್ಲಿ ಡೇಟಾ ಇಡಿ, ಮೂಲೆಯಲ್ಲಿ ಏನೇ ಬರೆದಿರಲಿ. ಎನ್‌ಎಸ್‌ಎ ಸಿಮ್ ಒಳಗೆ 5ಜಿ ಹಿಡಿಯುವುದೇ ಇಲ್ಲ ಅಂತ ಗೊತ್ತಾದರೆ ಅದನ್ನು 4ಜಿಯಲ್ಲೇ ನಿಲ್ಲಿಸಿಬಿಡಿ, ಅಂಚಿನಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವ ಕಾಟ ತಪ್ಪುತ್ತದೆ.

ಹಾಟ್‌ಸ್ಪಾಟ್ ಇಡುವ ಫೋನನ್ನು ಮಾತ್ರ ಕಿಟಕಿಯ ಕಟ್ಟೆ ಮೇಲೆ ಇಟ್ಟು, ಲ್ಯಾಪ್‌ಟಾಪ್ ಒಳಗೆ ಇಟ್ಟುಕೊಳ್ಳುವುದು ಇನ್ನೊಂದು ಉಪಾಯ. ಕಲ್ಲಿನ ಗೋಡೆ ದಾಟುವ ಕೆಲಸ ಟವರಿನದೂ ಅಲ್ಲ, ಫೋನಿನದೂ ಅಲ್ಲ ಅಂತಾಗುತ್ತದೆ, ಹತ್ತು ಅಡಿ ವೈಫೈ ಅಷ್ಟೇ. ಆದರೆ ಕಿಟಕಿಗೆ ಬಿಸಿಲು ತಡೆಯಲು ಪತ್ರಾ ಹೊಡೆದಿದ್ದರೆ ಬೇರೆ ಕಿಟಕಿ ನೋಡಿ. ತಗಡು 700ನ್ನೂ ಬಿಡುವುದಿಲ್ಲ. ಮೇ ತಿಂಗಳಲ್ಲಂತೂ ಬಿಸಿಲು ನೇರ ಬೀಳುವ ಕಟ್ಟೆ ಬೇಡ. ನಮ್ಮ ಕಡೆಯ ಬಿಸಿಲಿಗೆ ಫೋನ್ ಕಾದರೆ ತಾನಾಗಿಯೇ 5ಜಿ ಬಿಟ್ಟು 4ಜಿಗೆ ಇಳಿಯಬಹುದು, ಆಗ ಮತ್ತೆ ನೀವು ಕಂಪನಿಯನ್ನೇ ಬೈಯುತ್ತೀರಿ.